ಗ್ರಿಲ್ ಎಳೆಯುವ ದೃಶ್ಯ

ಆ ಮಧ್ಯಾಹ್ನ ತುರ್ತು ಚಿಕಿತ್ಸೆಯ ಕೋಣೆಗೆ ನುಗ್ಗಿದವರು ಒಂಬತ್ತು ಜನ. ಲಾರಿಗೆ ಸಿಕ್ಕು ಬಂದಿದ್ದ ಅವರ ಕಡೆಯವನು ತೀರಿಕೊಂಡು ಹತ್ತು ನಿಮಿಷವಾಗಿತ್ತು. ಡಾಕ್ಟರು ಮೇಲಿನ ಮಹಡಿಯಲ್ಲಿದ್ದರು; ಕೈಗೆ ಸಿಕ್ಕಿದ್ದು ನರ್ಸ್. ಮೊದಲು ಕೆನ್ನೆಗೆ ಬಿತ್ತು, ಆಮೇಲೆ ಗ್ಲೂಕೋಸ್ ಸ್ಟ್ಯಾಂಡಿನಿಂದ ಬೆನ್ನಿಗೆ. ಕೆಳಗೆ ಬಿದ್ದವಳ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದರು. ತೆವಳಿಕೊಂಡು ಬಾಗಿಲ ತನಕ ಬಂದರೆ ಕಬ್ಬಿಣದ ಗ್ರಿಲ್ ಮುಚ್ಚಿತ್ತು. ಅಲ್ಲೇ ಮತ್ತೆ ಹೊಡೆದರು. ಎರಡು ಪಕ್ಕೆಲುಬು ಮುರಿದವು, ಎಡಗಿವಿಯ ತಮಟೆ ಹರಿಯಿತು. ಗುಂಪಿನವರೇ ಗ್ರಿಲ್ ಎಳೆದಿರಬೇಕು ಎಂದುಕೊಂಡು ಅವಳು ಪೊಲೀಸರಿಗೂ ಹಾಗೆಯೇ ಬರೆದುಕೊಟ್ಟಳು.

ಹದಿನಾಲ್ಕು ವರ್ಷದ ಕೆಲಸದಲ್ಲಿ ಅವಳು ಯಾರ ಮೇಲೂ ದನಿ ಎತ್ತಿದವಳಲ್ಲ. ನರ್ಸಿಂಗ್ ಓದುವಾಗ ಕಾಲೇಜಿನ ನಾಟಕಗಳನ್ನೆಲ್ಲ ಮಾಡಿಸುತ್ತಿದ್ದವಳು ಅವಳೇ. ಆ ಹುಚ್ಚು ಹೋಗಿರಲಿಲ್ಲ. ನಾಲ್ಕು ತಿಂಗಳ ನಂತರ ನರ್ಸುಗಳ ಸಂಘದವರು ಇಂಥ ಹಲ್ಲೆಗಳ ಬಗ್ಗೆ ಆರು ನಿಮಿಷದ ಕಿರುಚಿತ್ರ ಮಾಡಿಕೊಡುತ್ತೀಯಾ ಎಂದು ಕೇಳಿದಾಗ ಒಂದೇ ಮಾತಿಗೆ ಒಪ್ಪಿಕೊಂಡಳು.

ನಟರೆಂದರೆ ಆಸ್ಪತ್ರೆಯ ಗೆಳೆಯರೇ. ಆಂಬುಲೆನ್ಸ್ ಓಡಿಸುವವನಿಗೆ ಅವನ ದೊಡ್ಡ ಗಂಟಲಿನಿಂದಾಗಿ ಎಲ್ಲರೂ ಸೈರನ್ ಎನ್ನುತ್ತಿದ್ದರು. ಹೊಡೆಯುವವನ ಪಾತ್ರ ಅವನಿಗೆ. ನರ್ಸಿನ ಪಾತ್ರ ಲ್ಯಾಬಿನ ಹುಡುಗಿಗೆ. ವಾಚ್‌ಮನ್ ಪಾತ್ರಕ್ಕೆ ಆವತ್ತು ಬಾಗಿಲು ಕಾಯುತ್ತಿದ್ದ ವಾಚ್‌ಮನ್ನೇ ಇದ್ದ. ಒಂಬತ್ತು ವರ್ಷದಿಂದ ಅವಳ ಊಟದ ಡಬ್ಬಿಯನ್ನು ತನ್ನ ಗೂಡಿನಲ್ಲಿ ಕಾದಿಟ್ಟ ಮನುಷ್ಯ, ಅವಳ ಬಾಯಲ್ಲಿ ಚಿಕ್ಕಪ್ಪ. ತುರ್ತು ವಿಭಾಗ ಹೊಸ ಕಟ್ಟಡಕ್ಕೆ ಹೋಗಿ ಹಳೆಯದು ಖಾಲಿ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಅಲ್ಲೇ ತಾಲೀಮು.

ಮೊದಲ ದಿನ ನಗೆಪಾಟಲಾಯಿತು. ಸೈರನ್ ಎದೆ ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಊರಿಗೆಲ್ಲ ಕೇಳುವಂತೆ ಗುಡುಗಿದ. ಅವಳು ಎಲ್ಲರನ್ನೂ ಸುತ್ತ ಕೂರಿಸಿ, ಬರೆದುಕೊಟ್ಟಿದ್ದ ಕಾಗದ ವಾಪಸ್ ತೆಗೆದುಕೊಂಡಳು.

"ಮಾತು ಬಾಯಿಪಾಠ ಮಾಡ್ಬೇಡಿ. ಏನು ಹೇಳ್ಬೇಕು ಅನ್ನೋದು ಗೊತ್ತಿದ್ರೆ ಸಾಕು, ನಿಮ್ಮ ಮಾತಲ್ಲೇ ಹೇಳಿ. ಸೈರನ್, ಕೋಪ ತೋರಿಸ್ಬೇಡ. ನಿನಗೆ ಡಾಕ್ಟರು ಎಲ್ಲಿ ಅನ್ನೋದೊಂದೇ ಬೇಕು. ಅವಳು ಹೇಳ್ತಿಲ್ಲ. ಅಷ್ಟೇ ತಲೇಲಿಟ್ಕೊ."

"ಕೈ ಏನ್ ಮಾಡ್ಲಿ ಅಕ್ಕ? ಎರಡೂ ಬಾಳೆಗೊನೆ ಥರ ನೇತಾಡ್ತವೆ."

"ಸತ್ತೋನ ಚಪ್ಪಲಿ ಹಿಡ್ಕೊ."

ಚಪ್ಪಲಿ ಹಿಡಿದು, ದನಿ ಇಳಿಸಿ ಅವನು "ಡಾಕ್ಟ್ರು ಎಲ್ಲಮ್ಮ?" ಎಂದಾಗ ಲ್ಯಾಬಿನ ಹುಡುಗಿ ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದಳು. 

ನರ್ಸ್ ನೆಲಕ್ಕೆ ಡ್ರೆಸಿಂಗ್ ಟೇಪಿನ ತುಂಡು ಅಂಟಿಸಿದಳು. ಇಲ್ಲಿಂದ ಬಾ, ಇಲ್ಲಿ ನಿಲ್ಲು, ಇಲ್ಲಿ ತಿರುಗು. ಒಬ್ಬೊಬ್ಬರಿಗೆ ಮೂರೇ ಗುರುತು. ಕಪಾಳಕ್ಕೆ ಹೊಡೆಯುವುದನ್ನು ಎಣಿಕೆಗೆ ಕಟ್ಟಿದಳು. ಇಬ್ಬರ ನಡುವೆ ತೋಳು ಚಾಚಿದರೂ ಮುಟ್ಟದಷ್ಟು ಅಂತರ. ಫೋನಿನ ಕ್ಯಾಮೆರಾ ಹೊಡೆಯುವವನ ಹೆಗಲ ಹಿಂದೆ. ಒಂದಕ್ಕೆ ಕೈ ಎತ್ತು, ಎರಡಕ್ಕೆ ಮುಖದ ಮುಂದೆ ಹಾಯಿಸು; ಆಗಲೇ ಹುಡುಗಿ ತಲೆ ತಿರುಗಿಸಬೇಕು. ಸದ್ದಿಗೆ ಪಕ್ಕದಲ್ಲಿ ನಿಂತವರ ಚಪ್ಪಾಳೆ. ಇಪ್ಪತ್ತು ಸಲ ನಿಧಾನಕ್ಕೆ ಮಾಡಿಸಿದ ಮೇಲೆಯೇ ವೇಗ. ಯಾರು "ಸಾಕು" ಅಂದರೂ ಎಲ್ಲರೂ ಕೈ ಇಳಿಸಬೇಕು ಎಂಬ ಕಟ್ಟುನಿಟ್ಟು ಬೇರೆ.

ಮೂರನೆಯ ಭಾನುವಾರದ ಹೊತ್ತಿಗೆ ನೋಡಿದವರ ಎದೆ ಝಲ್ಲೆನ್ನುವಂತೆ ಏಟು ಬೀಳುತ್ತಿತ್ತು, ಯಾರ ಮೈಗೂ ತಾಗುತ್ತಿರಲಿಲ್ಲ. ಪಾತ್ರ ಕೈಗೆ ಹತ್ತದೆ ಉಳಿದವನು ಚಿಕ್ಕಪ್ಪ ಒಬ್ಬನೇ. ಎರಡೂ ಕೈ ಆಕಾಶಕ್ಕೆತ್ತಿ, "ಅಯ್ಯೋ, ಯಾರಾದರೂ ಪೊಲೀಸರನ್ನು ಕರೆಯಿರಿ!" ಎಂದು ಪುಸ್ತಕ ಓದುವಂತೆ ಕೂಗುತ್ತಿದ್ದ.

"ಚಿಕ್ಕಪ್ಪ, ಅದನ್ನ ಬಿಡಿ. ಆವತ್ತು ಏನು ಮಾಡಿದ್ರೋ ಅದನ್ನೇ ಮಾಡಿ. ಏನಂದ್ರೋ ಅದನ್ನೇ ಅನ್ನಿ."

ಅವನು ಅವಳನ್ನೇ ನೋಡಿದ. "ಅದನ್ನೇನಾ ಸಿಸ್ಟರಮ್ಮ?"

"ಅದನ್ನೇ. ನಟನೆ ಬೇಡ."

ಅವಳು ಗ್ರಿಲ್ಲಿನ ಒಳಗೆ ನಿಂತಿದ್ದಳು, ಅವನು ಹೊರಗೆ. ಹಿಂದೆ ಸೈರನ್ ಕೂಗಿದ, ಚಪ್ಪಾಳೆಯ ಏಟು ಬಿತ್ತು. ಚಿಕ್ಕಪ್ಪ ಒಂದು ಸಲ ಒಳಗಿಣುಕಿದ. ಗ್ರಿಲ್ ಎಳೆದ. ಸೊಂಟದಿಂದ ಬೀಗ ತೆಗೆದು ಸಿಕ್ಕಿಸಿ, ಒತ್ತಿ, ಬಿದ್ದಿದೆಯೇ ಎಂದು ಜಗ್ಗಿ ನೋಡಿದ. ತನಗೆ ತಾನೇ ಗೊಣಗಿಕೊಂಡ.

"ಒಳಗಿದ್ದೋರ ಹಣೆಬರಹ."

ಮೂರು ವಾರದಲ್ಲಿ ಯಾರೂ ಅಷ್ಟು ಸಹಜವಾಗಿ ಒಂದು ಮಾತೂ ಆಡಿರಲಿಲ್ಲ.

ಕಂಬಿಗಳ ನಡುವೆ ಅವಳ ಕೈ ಹೋದದ್ದು ಅವಳಿಗೇ ತಿಳಿಯಲಿಲ್ಲ. ಕೊರಳಪಟ್ಟಿ ಸಿಕ್ಕಿತು. ಎಳೆದಳು. ಅವನ ಮುಖ ಕಬ್ಬಿಣಕ್ಕೆ ಬಡಿಯಿತು. ಮತ್ತೆ ಎಳೆದಳು. ಎರಡನೆಯದಕ್ಕೆ ಮೂಗಿನ ಮೂಳೆ ಲಟ್ಟೆಂದಿತು. ಮೂರನೆಯದಕ್ಕೆ ರಕ್ತ ಅವಳ ಮೊಣಕೈ ತನಕ ಹಾರಿತು. "ಸಾಕು! ಅಕ್ಕ, ಸಾಕು!" ಎಂದು ಹುಡುಗಿ ಕಿರುಚುತ್ತಿದ್ದಳು. ಸೈರನ್ ಓಡಿಬಂದು ಸೊಂಟ ಹಿಡಿದೆಳೆದರೆ ಅವನ ಬಾಯಿಗೂ ಮೊಣಕೈ ಬಿತ್ತು, ತುಟಿ ಸೀಳಿತು. ನಾಲ್ಕನೆಯ ಸಲಕ್ಕೆ ಬಟ್ಟೆ ಹರಿದು ಕೈಗೆ ಬಂತು. ಚಿಕ್ಕಪ್ಪ ನೆಲಕ್ಕೆ ಕುಸಿದ.

 ಬೀಗದ ಕೈ ಅವನ ಬಳಿಯೇ ಇತ್ತು. ಬಿದ್ದಲ್ಲಿಂದಲೇ ಅವನೇ ಬೀಗ ತೆಗೆದ.

ಅವಳು ಕೈ ತೊಳೆದು ಗ್ಲೌಸ್ ಹಾಕಿಕೊಂಡಳು. ಅವನನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗ ಒತ್ತಿ ಹಿಡಿದು, ಬಾಯಿಂದ ಉಸಿರಾಡಿ ಎಂದಳು. ಕೈ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದರಲ್ಲಿ ಕನಿಕರವಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

"ಆವತ್ತು ಒಳಗೆ ನಾನಿದೀನಿ ಅಂತ ಗೊತ್ತಿತ್ತಾ?"

"ಗೊತ್ತಿತ್ತಮ್ಮ." ರಕ್ತ ನುಂಗಿ ಹೇಳಿದ. "ಹೆದ್ರಿಕೆ ಆಯ್ತು. ಬೇರೆ ಏನೂ ಇಲ್ಲ. ಇವತ್ತು ನೀವು ಅದನ್ನೇ ಮಾಡಿ ಅಂದ್ರಿ, ಕೈ ತಾನಾಗೇ ಹೋಯ್ತು."

ಎಕ್ಸ್‌ರೇ ಕೋಣೆಯಲ್ಲಿ ಅವನು ಮೆಟ್ಟಿಲ ಮೇಲೆ ಬಿದ್ದೆ ಎಂದು ಬರೆಸಿದ. ಅವಳು ಅದನ್ನು ಹೊಡೆದುಹಾಕಿಸಿ, ತಾನೇ ಹೊಡೆದದ್ದು ಎಂದು ಬರೆಸಿದಳು. ಅವಳಿಗೆ ಹದಿನೈದು ದಿನ ಅಮಾನತಾಯಿತು. ಪೊಲೀಸರ ಬಳಿ ಹೋಗಿ ಹಳೆಯ ಹೇಳಿಕೆಯನ್ನೂ ತಿದ್ದಿಸಿದಳು. ಮನೆಯಲ್ಲಿ ಕೂತರೆ ಏಟು ತಿಂದದ್ದಕ್ಕಿಂತ ಕೊಟ್ಟದ್ದೇ ಹೆಚ್ಚು ನೆನಪಾಗುತ್ತಿತ್ತು. ಮೂರನೆಯ ಎಳೆತ ಬೇಕಿರಲಿಲ್ಲ, ಆದರೆ ಅದು ಹಿತವಾಗಿತ್ತು. ಯಾರಿಗೂ ಹೇಳಲಾಗದ್ದು ಅದೇ.

ಕೆಲಸಕ್ಕೆ ಮರಳಿದ ದಿನ ನೇರವಾಗಿ ಗೇಟಿನ ಗೂಡಿಗೆ ಹೋದಳು.

"ಹೊಡೆದದ್ದು ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ. ನೀವು ಮಾಡಿದ್ದನ್ನ ಕ್ಷಮಿಸೋಕೆ ನನ್ನ ಕೈಲಿ ಆಗ್ತಿಲ್ಲ ಚಿಕ್ಕಪ್ಪ."

ಅವನು ತಲೆಯಾಡಿಸಿದ. ಆಮೇಲೆ ಕೇಳಿದ, "ಆ ದೃಶ್ಯ ಇಟ್ಕೋತೀರಾ?"

"ನೀವು ಒಪ್ಪಿದ್ರೆ."

"ಮುಖ ಬೇಡಮ್ಮ."

"ಕೈ ಸಾಕು."

ಅವಳು ಇಡೀ ಚಿತ್ರವನ್ನೇ ಹೊಸದಾಗಿ ಕಟ್ಟಿದಳು. ಕ್ಯಾಮೆರಾ ಈಗ ಗ್ರಿಲ್ಲಿನ ಹೊರಗೆ, ಅವನ ಸೊಂಟದ ಎತ್ತರಕ್ಕೆ. ಒಳಗೆ ಸೈರನ್ ಮೂಟೆ ಕಟ್ಟಿದ ಹಾಸಿಗೆ ಬಟ್ಟೆಗೆ ಸ್ಟ್ಯಾಂಡಿನಿಂದ ಬಾರಿಸಿದ; ಲ್ಯಾಬಿನ ಹುಡುಗಿ ಕೂಗಿದಳು. ಕಾಣುವುದು ಎರಡು ಮುದಿ ಕೈ, ಒಂದು ಬೀಗ, ಕಂಬಿ ಹಿಡಿಯಲು ಬರುವ ಬೆರಳು. ಚಿಕ್ಕಪ್ಪನಿಗೆ ಅವಳು ಏನೂ ಹೇಳಿಕೊಡಲಿಲ್ಲ. ಎರಡು ಸಲ ಮಾಡಿಸಿದಳು. ಮೊದಲನೆಯ ಸಲ ಹಣೆಬರಹದ ಮಾತು ಅವನ ಬಾಯಿಂದ ಬರಲಿಲ್ಲ. ಎರಡನೆಯ ಸಲ ಬಂತು. ಅವಳು ಇಟ್ಟುಕೊಂಡದ್ದು ಮೊದಲನೆಯದನ್ನು.

ಸಂಘದ ಸಭೆಯಲ್ಲಿ ಚಿತ್ರ ತೋರಿಸಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ನರ್ಸ್ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡಳು. ಚಿಕ್ಕಪ್ಪ ಹಿಂದಿನ ಗೇಟಿಗೆ ವರ್ಗ ಕೇಳಿಕೊಂಡು ಹೋದ. ಅವಳು ಈಗ ಊಟದ ಡಬ್ಬಿಯನ್ನು ಲ್ಯಾಬಿನಲ್ಲಿಡುತ್ತಾಳೆ.