ಬೆಂಚಿನ ಆಚೆ ಬದಿ

ಶಿವಕಾಂತಾಳ ಕಾಲು ಚಪ್ಪಲಿ ಕಂಡಿರಲಿಲ್ಲ ಅಂತಲ್ಲ. ಸಂತೆಗೆ, ಬ್ಯಾಂಕಿಗೆ, ದವಾಖಾನೆಗೆ ಹೋಗುವಾಗ ಹಾಕುತ್ತಿದ್ದಳು. ಆದರೆ ಅನ್ನ ಇರುವ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋದವಳಲ್ಲ. ಸರಸಂಬಾದ ತವರುಮನೆಯಲ್ಲಿ ಅದನ್ನು ಕಲಿತಳು, ಜಿಡಗಾ ಮಠದ ದಾಸೋಹದಲ್ಲಿ ರೊಟ್ಟಿ ಬಡಿಯಲು ಹೋದಾಗ ಅದು ಗಟ್ಟಿಯಾಯಿತು. ಅಡುಗೆಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೈ ಮುಗಿದು ಒಳಗೆ ಹೋಗಬೇಕು. ಉಣ್ಣುವುದು ಪ್ರಸಾದ, ಅದರ ಮುಂದೆ ಮೆಟ್ಟು ಎಂಥದ್ದು?

ಮದುವೆಯಾಗಿ ಆಳಂದಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ, ಮನೆಯ ಹಿಂದಿನ ತಗಡಿನ ಕೆಳಗೆ ಒಲೆ ಹೂಡಿ ಶೇಂಗಾ ಹಿಂಡಿ ಕುಟ್ಟಲು ಶುರು ಮಾಡಿದವಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರ, ಉಪ್ಪು, ಜೀರಿಗೆ. ರೊಟ್ಟಿಯ ಜೊತೆ ಒಂದು ಚಿಟಿಕೆ ಇದ್ದರೆ ಊಟ ಎದ್ದು ಕೂರುತ್ತದೆ. ಆಗಿನಿಂದಲೂ ಜೊತೆಗಿದ್ದವಳು ಮಲ್ಕಮ್ಮ. ಒಬ್ಬಳು ಹುರಿದರೆ ಒಬ್ಬಳು ಕುಟ್ಟುವಳು. ಒಂದೇ ಬುಟ್ಟಿಯ ರೊಟ್ಟಿ ಇಬ್ಬರೂ ಉಂಡರು. ಮಲ್ಕಮ್ಮನ ಮನೆಯವರು ಬುದ್ಧನಿಗೆ ಕೈ ಮುಗಿಯುವವರು, ಶಿವಕಾಂತಾಳ ಕೊರಳಲ್ಲಿ ಲಿಂಗ. ಅದಕ್ಕೇನು? "ನಮ್ಮಲ್ಲಿ ಮ್ಯಾಲ ಕೆಳಗ ಇಲ್ಲವಾ. ಬಸವಣ್ಣ ಹನ್ನೆರಡನೇ ಶತಮಾನದಾಗನ ಹೇಳ್ಯಾನ" ಎಂದು ಶಿವಕಾಂತಾ ಬಂದವರಿಗೆಲ್ಲ ಹೇಳುವಳು. ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತಿತ್ತು ಅನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ.

ಹಿಂಡಿಗೆ ಪುಣೆ, ಹೈದರಾಬಾದಿನ ಅಂಗಡಿಗಳಿಂದ ಬೇಡಿಕೆ ಬಂತು, ಊರ ಹೊರಗೆ ಕಾರ್ಖಾನೆ ಎದ್ದಿತು. ಅದನ್ನು ಕಟ್ಟುವಾಗ ಗುಣಮಟ್ಟ ನೋಡಿಕೊಳ್ಳಲು ಬಂದ ಹುಡುಗಿ ಭುವನೇಶ್ವರಿ, ಕಲಬುರಗಿಯವಳು, ಆಹಾರ ತಂತ್ರಜ್ಞಾನ ಓದಿದವಳು. ಮಾತು ಮೆತ್ತಗೆ, ಹಟ ಕಲ್ಲಿನಷ್ಟು ಗಟ್ಟಿ. ಮೇಸ್ತ್ರಿಯ ಮುಂದೆ ನಿಂತು ನಕ್ಷೆ ಬಿಡಿಸಿಕೊಂಡು ಹೇಳಿದ್ದಳು: "ಅಕ್ಕಾರ, ಶೇಂಗಾ ಹೊಲದಾಗಿಂದ ಮಣ್ಣು ತರ್ತದ, ಇಲಿ ಹಿಕ್ಕಿ ತರ್ತದ, ಅದರ ಜೊತಿ ಕಣ್ಣಿಗೆ ಕಾಣದ ಹುಳಾನೂ ತರ್ತದ. ಹುರಿಯೋ ಯಂತ್ರದಾಗ ಅದು ಸಾಯ್ತದ. ಹುರಿದ ಮ್ಯಾಲ ಮತ್ತ ಬಂದ್ರ ಕೊಲ್ಲೋರು ಯಾರೂ ಇಲ್ಲ. ಹಿಂಡಿ ನೆಟ್ಟಗ ಬಾಯಿಗೆ ಹೋಗ್ತದ."

ಹಾಗಾಗಿ ಕಾರ್ಖಾನೆಯ ನಡುವೆ ಮೇಲಿನ ತಗಡಿನವರೆಗೆ ಒಂದು ಗೋಡೆ. ಹುರಿಯುವ ಯಂತ್ರವನ್ನು ಆ ಗೋಡೆಯಲ್ಲೇ ಕೂಡಿಸಿದ್ದರು: ಈ ಬದಿ ಹಸಿ ಶೇಂಗಾ ಸುರಿದರೆ ಆ ಬದಿ ಹುರಿದದ್ದು ಬೀಳುತ್ತದೆ. ಮಾಲು ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವ ದಾರಿಯಿಲ್ಲ. ಗಾಳಿಯೂ ಅಷ್ಟೇ. ಸೋಸಿದ ಗಾಳಿಯನ್ನು ಫ್ಯಾನು ಹುರಿದ ಬದಿಗೆ ತುಂಬುವುದರಿಂದ ಸಂದಿಯಿದ್ದರೂ ಅದು ಹಸಿ ಬದಿಗೇ ಹೊರಡುತ್ತದೆ, ಧೂಳು ಎದುರು ಬರಲಾರದು. ಹಸಿ ಬದಿಗೆ ಕೆಂಪು ಕಸಬರಿಗೆ, ಹುರಿದ ಬದಿಗೆ ನೀಲಿ. ಹುರಿದ ಬದಿಗೆ ಹೋಗುವ ಕೋಣೆಯಲ್ಲಿ ಅಡ್ಡಲಾಗಿ ಒಂದು ಬೆಂಚು. ಅದರ ಮೇಲೆ ಕೂತು ಹೊರಗಿನ ಚಪ್ಪಲಿ ಈ ಕಡೆ ಬಿಟ್ಟು, ಕಾಲೆತ್ತಿ ಆ ಕಡೆ ಹಾಕಿ, ಅಲ್ಲಿಯದೇ ಬಿಳಿ ಬೂಟು ಹಾಕಿಕೊಳ್ಳಬೇಕು. ಆ ಬೂಟು ಆ ಬದಿ ಬಿಟ್ಟು ಹೊರಗೆ ಬರುವಂತಿಲ್ಲ. ಒಳಗೆ ಒಂದು ಹನಿ ನೀರೂ ಕೂಡದು. ಒರೆಸುವುದು, ಗುಡಿಸುವುದು, ಹೀರುವುದು ಎಲ್ಲ ಒಣಗಿದ್ದೇ.

ಮಲ್ಕಮ್ಮ ಹುರಿದ ಬದಿಯ ಹಿರಿಯಳಾದಳು. ತೂಕ, ಪಾಕೀಟು, ಹುಡುಗಿಯರ ಶಿಸ್ತು ಎಲ್ಲ ಅವಳ ಕೈಯಲ್ಲಿ. ಬೂಟು ಹಾಕಿಕೊಳ್ಳದವರನ್ನು ಬೆಂಚಿನಿಂದಲೇ ಹಿಂದಕ್ಕೆ ಕಳಿಸುವಳು. ಒಳ್ಳೇದೇ ನಡೆದಿತ್ತು.

ಆಮೇಲೆ ವರದಿ ಬಂತು. ನೆಲ, ಮೂಲೆ, ಮೇಜಿನ ಕಾಲು ಹೀಗೆ ಅಲ್ಲಲ್ಲಿ ಹತ್ತಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸುವುದು ಭುವನೇಶ್ವರಿಯ ರೂಢಿ. ಈ ಸಲ ಹುರಿದ ಬದಿಯ ನೆಲದಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತ್ತು, ಹೊಟ್ಟೆ ಕೆಡಿಸಿ ಕೂಸುಗಳ, ಮುದುಕರ ಜೀವಕ್ಕೇ ಬರುವ ಹುಳ. ತೂಕದ ಯಂತ್ರದ ಬುಡದಲ್ಲಿ ಮತ್ತು ಹಿಂದಿನ ಬಾಗಿಲ ಹೊಸ್ತಿಲಿನ ಬಿರುಕಿನಲ್ಲಿ. ಹಿಂಡಿ ಮುಟ್ಟುವ ಪಾತ್ರೆಗಳಲ್ಲಿ ಇರಲಿಲ್ಲ, ಸದ್ಯ. ಭುವನೇಶ್ವರಿ ಅದೇ ಗಳಿಗೆ ಕೆಲಸ ನಿಲ್ಲಿಸಿ, ಹಿಂದಿನ ಶುದ್ಧ ವರದಿಯ ನಂತರ ತಯಾರಾದ ಮಾಲನ್ನೆಲ್ಲ ಗೋದಾಮಿನಲ್ಲಿ ತಡೆದಳು.

"ಹಸಿ ಬದಿಯ ಹುಳ ಗ್ವಾಡಿ ದಾಟಿ ಬಂದದ. ಹಾರಿ ಬರಲ್ಲ ಅದು, ಯಾರರ ಕಾಲಿಗೆ ಹತ್ತಿ ಬಂದದ. ಮತ್ತ ಅದಕ್ಕ ನೀರು ಸಿಕ್ಕದ. ಒಣಗಿದ್ರ ಅದು ಸುಮ್ನ ಮಲಗ್ತದ್ರಿ, ಸಾಯಂಗಿಲ್ಲ. ಹಸಿ ಸಿಕ್ರ ಎದ್ದು ಮರಿ ಹಾಕ್ತದ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಿವಕಾಂತಾಳ ತಲೆ ಯಾರನ್ನು ಹುಡುಕಿತು ಗೊತ್ತೇ? ಯೋಚಿಸುವ ಮೊದಲೇ ಮಲ್ಕಮ್ಮನ ಹೆಸರು ನಾಲಿಗೆಗೆ ಬಂದಿತ್ತು. ಮಲ್ಕಮ್ಮನ ಸೊಸೆ ಮಧುಮತಿ ಹಸಿ ಬದಿಯಲ್ಲಿ ಚೀಲ ಬಿಚ್ಚುವವಳು; ಮಧ್ಯಾಹ್ನ ಇಬ್ಬರೂ ಹೊರಗೆ ಜೊತೆಗೆ ಉಣ್ಣುತ್ತಾರೆ. ಅಲ್ಲಿಂದಲೇ ಬಂದಿರಬೇಕು. ಅವರ ಮನೆಯ ಕಡೆಯ ಸ್ವಚ್ಛತೆ ಎಷ್ಟಿರುತ್ತದೋ ಏನೋ. ಈ ಕೊನೆಯ ಮಾತು ಮನಸ್ಸಿನಲ್ಲಿ ಸುಳಿದಾಗ ಶಿವಕಾಂತಾಳಿಗೆ ಅದು ಮೇಲು ಕೀಳಿನ ಮಾತು ಅನ್ನಿಸಲಿಲ್ಲ, ಬರೀ ಕಾಳಜಿ ಅನ್ನಿಸಿತು. ಅಯ್ಯೋ ದೇವರೇ, ಮನಸ್ಸು ಎಂಥ ಕಳ್ಳ ಬೆರಕಿ!

ಮಲ್ಕಮ್ಮನನ್ನು ಕರೆದಳು.

"ಮಲ್ಕಮ್ಮ, ಇನ್ನ ಮ್ಯಾಲ ನೀ ಹಸಿ ಬದಿಗೆ ಇರು. ಆ ಕಡಿ ಬ್ಯಾರೆ ಯಾರನ್ನರ ನೋಡ್ತೇನಿ."

ಮಲ್ಕಮ್ಮ ಅವಳತ್ತ ತಿರುಗಿದಳು. "ನಾ ತಂದೇನಿ ಅಂತೀರೇನ್ರಿ ಅಕ್ಕಾರ?"

"ಹಂಗಲ್ಲ ಬೇ..."

"ಹಂಗಲ್ಲಂದ್ರ ಹೆಂಗ?" ಎಂದಳು ಮಲ್ಕಮ್ಮ. ಅವಳು ತಲೆಯ ಬಟ್ಟೆ ಬಿಚ್ಚಿ, ಮಡಿಚಿ, ಮೇಜಿನ ಮೇಲಿಟ್ಟಳು. "ಖರೆ ತಿಳಿಯೋ ತನಕ ನಾ ಮನ್ಯಾಗ ಇರ್ತೇನಿ. ಕಳಂಕ ಹೊತ್ಕೊಂಡು ಆ ಬದಿಗೂ ಇರಂಗಿಲ್ಲ, ಈ ಬದಿಗೂ ಇರಂಗಿಲ್ಲ."

ಭುವನೇಶ್ವರಿಗೆ ಈ ತೀರ್ಮಾನ ಹಿಡಿಸಲಿಲ್ಲ. "ಮಂದಿ ಮುಖ ನೋಡಿ ದಾರಿ ಹುಡುಕಬಾರದ್ರಿ. ಹೆಜ್ಜಿ ನೋಡ್ಬೇಕು" ಎಂದಳು. ಕೆಲಸ ಹೇಗೂ ನಿಂತಿದೆ, ಆ ನೆಲವನ್ನು ಮತ್ತೆ ಕಟ್ಟುನಿಟ್ಟಾಗಿ ಶುಚಿ ಮಾಡುವುದು ಹೇಗೂ ಇದೆ. ಸಂಜೆ ಹಸಿ ಬದಿಯ ನೆಲಕ್ಕೆ ಕೆಂಪು ರಂಗೋಲಿ ಪುಡಿ ತೆಳ್ಳಗೆ ಹರಡೋಣ. ನಾಳೆ ಎಲ್ಲರೂ ದಿನದಂತೆ ಬಂದು ಓಡಾಡಲಿ. ಕೆಂಪು ಎಲ್ಲಿಗೆ ಮುಟ್ಟುತ್ತದೋ ಹುಳವೂ ಅಲ್ಲಿಗೆ ಮುಟ್ಟಿರುತ್ತದೆ.

"ಭಾಳ ಚಲೋ ಆತು" ಎಂದಳು ಶಿವಕಾಂತಾ. "ಬರಾಬರ್ ಹಿಡೀ. ಯಾರನ್ನೂ ಬಿಡಬ್ಯಾಡ."

ಮರುದಿನ ನಸುಕಿನಲ್ಲಿ, ಎಂದಿನಂತೆ ಎಲ್ಲರಿಗಿಂತ ಮೊದಲು ಶಿವಕಾಂತಾ ಬಂದಳು. ಗೇಟಿನ ಬಳಿ ಚಪ್ಪಲಿ ಬಿಟ್ಟಳು. ನೀರಿನ ತಂಬಿಗೆ ಹಿಡಿದು ಹಸಿ ಬದಿಯೊಳಗೆ ಹೋಗಿ, ಬಾಯಿ ಬಿಚ್ಚಿದ ಚೀಲದಿಂದ ಒಂದು ಹಿಡಿ ಶೇಂಗಾ ಎತ್ತಿ ಮೂಸಿ ನೋಡಿದಳು. ಆಮೇಲೆ ಹೊರಗಿನಿಂದ ಸುತ್ತಿ ಹುರಿದ ಬದಿಯ ಹಿಂದಿನ ಬಾಗಿಲಿಗೆ ಬಂದಳು; ಅದರ ಕೀಲಿ ಅವಳ ಸೊಂಟದಲ್ಲೇ ಇತ್ತು. ಬೆಂಕಿ ಬಿದ್ದರೆ ಹೊರಗೆ ಓಡಲು ಮಾತ್ರ ಇರಲಿ ಎಂದು ಭುವನೇಶ್ವರಿ ಇಡಿಸಿದ್ದ ಬಾಗಿಲು ಅದು. ಶಿವಕಾಂತಾ ಅದನ್ನು ತೆರೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ಪುಟ್ಟ ರಂಗೋಲಿ ಎಳೆದು, ಒಳಗೆ ಹೋಗಿ ತೂಕದ ಯಂತ್ರಕ್ಕೆ ವಿಭೂತಿ ಹಚ್ಚಿ ಕೈ ಮುಗಿದಳು. ಅನ್ನ ಕೊಡುವ ಯಂತ್ರ. ಯಂತ್ರ ಓಡದ ದಿನ ನಮಸ್ಕಾರವೂ ನಿಲ್ಲಬೇಕೇ?

ನೆಲದ ಮೇಲೆ ಪುಡಿ ಹರಡಿದ್ದು ಅವಳಿಗೆ ಗೊತ್ತಿರಲಿಲ್ಲವೇ ಅಂದರೆ ಗೊತ್ತಿತ್ತು. ಹರಡಲು ಒಪ್ಪಿದವಳೇ ಅವಳು. ಆದರೆ ಅದು ಕೆಲಸದವರ ಓಡಾಟಕ್ಕೆ. ತನ್ನ ಓಡಾಟವನ್ನು ಅವಳು ಓಡಾಟವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಬಿಡಿ.

ಬೆಳಕು ಹರಿಯಿತು, ಎಲ್ಲರೂ ಬಂದರು, ಓಡಾಡಿದರು. ಭುವನೇಶ್ವರಿ ಬೆಂಚಿನ ದಾರಿಯಿಂದ ಬಿಳಿ ಬೂಟು ಹಾಕಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಅಕ್ಕಾರ, ಜರಾ ಬರ್ರಿ" ಎಂದಷ್ಟೇ ಅಂದು, ಗೋಡೆಯ ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದಳು.

ಬೆಂಚಿನ ಕಡೆ ನೆಲ ಸ್ವಚ್ಛವಾಗಿತ್ತು. ಎಲ್ಲರ ಕೆಂಪು ಹೆಜ್ಜೆ ಬೆಂಚಿನ ಈಚೆಯೇ ನಿಂತಿತ್ತು. ಮಧುಮತಿಯದೂ. ಹಿಂದಿನ ಬಾಗಿಲಿನಿಂದ ತೂಕದ ಯಂತ್ರದವರೆಗೆ ಮಾತ್ರ ಒಂದು ಸಾಲು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದಿತ್ತು. ಬರಿಗಾಲು. ಹೊಸ್ತಿಲ ನೀರು ತಗಲಿ ಕೆಂಪು ಇನ್ನೂ ಗಾಢವಾಗಿ, ಬೆರಳು ಬೆರಳೂ ಎದ್ದು ಕಾಣುತ್ತಿತ್ತು. ಕಾರ್ಖಾನೆಯಲ್ಲಿ ಬರಿಗಾಲಲ್ಲಿ ನಡೆಯುವವರು ಒಬ್ಬರೇ.

ಶಿವಕಾಂತಾ ಬಗ್ಗಿ ತನ್ನ ಅಂಗಾಲು ನೋಡಿಕೊಂಡಳು. ಮದುವಣಗಿತ್ತಿಯ ಕಾಲಿನ ಹಾಗೆ ಕೆಂಪಾಗಿತ್ತು. ಅವಳಿಗೆ ನಾಚಿಕೆಯಾಯಿತು.

"ತಂಗಿ, ನಾ ಭಕ್ತಿಲೆ ಮಾಡಿದ್ದೆ" ಎಂದಳು.

"ಗೊತ್ತದ್ರಿ. ಹುಳಕ್ಕ ಗೊತ್ತಾಗಂಗಿಲ್ಲ."

ಕೀಲಿಯನ್ನು ಶಿವಕಾಂತಾ ಆಗಲೇ ಬಿಚ್ಚಿಕೊಟ್ಟಳು. ಆ ಬಾಗಿಲಿಗೆ ಒಳಗಿನಿಂದ ತಳ್ಳಿದರೆ ಮಾತ್ರ ತೆರೆಯುವ, ತೆರೆದರೆ ಗಂಟೆ ಹೊಡೆಯುವ ಚಿಲಕ ಬಂತು. ಬಿರುಕನ್ನು ಕೆತ್ತಿ ಮುಚ್ಚಿದರು. ನೆಲವನ್ನು ಒಣದಾಗಿ ಶುಚಿಮಾಡಿ ಮದ್ಯಸಾರದಿಂದ ಒರೆಸಿದರು. ಮತ್ತೆ ಮತ್ತೆ ಒರೆಸಿ ಕಳಿಸಿದ ಹತ್ತಿಯೆಲ್ಲ ಶುದ್ಧ ಎಂದು ಬರುವವರೆಗೆ ಯಂತ್ರ ಓಡಲಿಲ್ಲ. ತಡೆದಿಟ್ಟ ಮಾಲಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ, "ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ರಿ" ಎಂದಳು ಭುವನೇಶ್ವರಿ. ಶಿವಕಾಂತಾ ಅದನ್ನೆಲ್ಲ ಗುಂಡಿ ತೋಡಿ ಹೂಳಿಸಿದಳು. ಪ್ರಸಾದ ಅಂದವಳು ಅದನ್ನು ಮಣ್ಣಿಗೆ ಹಾಕುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮಲ್ಕಮ್ಮನ ಮನೆಗೆ ಮಾತ್ರ ಹೆಜ್ಜೆ ಗುರುತು ಕಂಡ ದಿನವೇ ಹೋಗಿದ್ದಳು. ಕಾಲು ತೊಳೆದಿರಲಿಲ್ಲ. ಕಟ್ಟೆಯ ಮೇಲೆ ಕೂತು ಕಾಲು ಮುಂದೆ ಚಾಚಿ, "ನೋಡು. ನಾನ ತಂದದ್ದು. ನಿನ್ನ ಮ್ಯಾಲ ಹಾಕಿದೆ. ತಪ್ಪಾತು" ಎಂದಳು.

ಮಲ್ಕಮ್ಮ ಆ ಕೆಂಪು ಅಂಗಾಲನ್ನು ನೋಡುತ್ತ ಕೂತಳು. ನಂತರ ಹೇಳಿದಳು, ಸಿಟ್ಟಿಲ್ಲದೆ: "ನಮ್ಮವ್ವ ನಿಮ್ಮಂಥೋರ ಓಣ್ಯಾಗ ಹೋಗುವಾಗ ಚಪ್ಪಲಿ ಕೈಯಾಗ ಹಿಡ್ಕೊಂಡು ಹೋಗ್ತಿದ್ಳು ಅಕ್ಕಾರ. ಅದಕ್ಕ ಆ ಬಿಳಿ ಬೂಟು ಅಂದ್ರ ನನಗ ಭಾಳ ಕಿಮ್ಮತ್ತು. ಅದನ್ನ ಹಾಕ್ಕೊಂಡು ನಿಂತಾಗ ಯಾರೂ ಬಿಡು ಅನ್ನಂಗಿಲ್ಲ, ಹಾಕ್ಕೋ ಅಂತಾರ."

ಶಿವಕಾಂತಾ ಚಾಚಿದ್ದ ಕಾಲನ್ನು ಮಡಚಿಕೊಂಡಳು. ಮ್ಯಾಲ ಕೆಳಗ ಇಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದವಳು ಅವಳೇ.

"ಬರ್ತೇನಿ ಕೆಲಸಕ್ಕ" ಎಂದಳು ಮಲ್ಕಮ್ಮ. "ಆದ್ರ ಬೆಂಚು ಎಲ್ಲಾರಿಗೂ ಬೆಂಚು."

ಯಂತ್ರ ಮತ್ತೆ ಶುರುವಾದ ಬೆಳಿಗ್ಗೆ ಶಿವಕಾಂತಾ ಗೇಟಿನ ಹೊರಗೆ, ರಸ್ತೆಯ ಕಡೆ, ನೀರು ಚಿಮುಕಿಸಿ ದೊಡ್ಡ ರಂಗೋಲಿ ಹಾಕಿದಳು. ಆಮೇಲೆ ಕೈ ತೊಳೆದು ಒರೆಸಿಕೊಂಡು ಬೆಂಚಿನ ಮೇಲೆ ಬಂದು ಕೂತಳು. ಆಚೆ ಬದಿ ಮಲ್ಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಒಂದು ಜೊತೆ ಬಿಳಿ ಬೂಟನ್ನು ನೆಲದ ಮೇಲಿಟ್ಟಳು.

ಶಿವಕಾಂತಾ ಚಪ್ಪಲಿ ಈಚೆ ಬಿಟ್ಟು ಕಾಲೆತ್ತಿ ಆಚೆ ಹಾಕಿದಳು. ಬೂಟಿನೊಳಗೆ ಕಾಲು ತುರುಕುವಾಗ ಅಭ್ಯಾಸಬಲದಿಂದ ಬಾಯಲ್ಲಿ "ಶಿವ ಶಿವಾ" ಬಂತು. ಎದ್ದು ನಿಂತಳು, ಮುಂದೆ ಹೆಜ್ಜೆ ಇಡಲಿಲ್ಲ.

"ಬರಲೇನ ಒಳಗ?" ಎಂದು ಕೇಳಿದಳು.

ಮಲ್ಕಮ್ಮ ಅವಳ ಕಾಲು ನೋಡಿದಳು, ಕೈ ನೋಡಿದಳು, ಶಿವಕಾಂತಾ ಕಟ್ಟಿಕೊಂಡಿದ್ದ ತಲೆಯ ಬಟ್ಟೆಯಿಂದ ಹೊರಗೆ ಇಣುಕಿದ್ದ ಕೂದಲನ್ನು ಒಳಗೆ ಸೇರಿಸಲು ಸನ್ನೆ ಮಾಡಿದಳು. ಸೇರಿಸಿದ ಮೇಲೆ, "ಈಗ ಬರ್ರಿ" ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.