ನಾಲ್ಕನೇ ಕಂಬ ಬೆಳೆಯಲಿಲ್ಲ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಷ್ಟ್ರು ಎಕ್ಸೆಲ್ ಹಾಳೆಯ ಒಂದು ಚೌಕವನ್ನು ತಿದ್ದಿದರು. ಎಲ್ಲ ಅಲ್ಲಿಂದಲೇ ಕೆಟ್ಟಿತು. ಆಗ ನಾನು ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಅಮಾವಾಸ್ಯೆಗೆ ಹೊಳೆಗೆ ಮೀಯಲು ಬರುವವರಿಗಾಗಿ ಒಂದು ನಿಮಿಷದ ವಿಡಿಯೊ ಮಾಡಿದ್ದೆವು. ನಾಲ್ಕು ಸ್ನಾನಘಟ್ಟ, ನಾಲ್ಕು ನೀಲಿ ಕಂಬ. ಪ್ರತಿ ಕಂಬದ ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯನ ಚಿತ್ರ. ಆ ಹಾಳೆಯಲ್ಲಿ ಅಡಿಗಳಲ್ಲಿ ಬರೆದ ನೀರಿನ ಆಳದಂತೆ ಕಂಬ ಬೆಳೆದು ಅವನ ಮೊಣಕಾಲಿಗೋ ಸೊಂಟಕ್ಕೋ ಬಂದು ನಿಲ್ಲುತ್ತದೆ. ಓದು ಬಾರದವರಿಗೂ ತಿಳಿಯಲೆಂದು ಅಂಕಿಗಳನ್ನು ಬಿಟ್ಟಿದ್ದೆವು. ಧ್ವನಿ ಊರಿನ ನಿವೃತ್ತ ಶಾಲಾ ಮೇಷ್ಟ್ರದ್ದು. ಅವರು ಘಟ್ಟದ ಹೆಸರು ಹೇಳಿದಾಗ ಕಂಬ ಏಳಬೇಕು, ಅಳತೆ ಹೇಳಿ ಮುಗಿಸುವಾಗ ನಿಲ್ಲಬೇಕು. ಅವರ ಒಂದೊಂದು ಮಾತಿಗೂ ನಾನು ಗುರುತು ಹಾಕಿದ್ದೆ.

ಅಂದು ಬೆಳಿಗ್ಗೆ ತೆಪ್ಪದ ಅಂಬಿಗರೊಬ್ಬರು ಬಿದಿರಿನ ಗಳ ಇಳಿಸಿ ಮತ್ತೆ ಅಳೆದಾಗ ನಾಲ್ಕನೇ ಘಟ್ಟದಲ್ಲಿ, ಕೊನೆಯ ಮೆಟ್ಟಿಲು ದಾಟಿದ ಕೂಡಲೇ ಗುಂಡಿ ಸಿಕ್ಕಿತು. ನಾಲ್ಕು ಅಡಿ ಎಂದುಕೊಂಡಿದ್ದದ್ದು ಒಂಬತ್ತು. ಮೇಷ್ಟ್ರು ಫೋನಿನಲ್ಲೇ ಹಾಳೆ ತಿದ್ದಿ, ಆ ಸಾಲನ್ನು ಮತ್ತೆ ಓದಿ ಕಳಿಸಿದರು. ನಾನು ಹೊಸ ಧ್ವನಿ ಸೇರಿಸಿ, ಗುರುತುಗಳನ್ನು ಸರಿಸಿ, ಕಿವಿಗೆ ಇಯರ್‌ಫೋನ್ ಹಾಕಿ ಪರೀಕ್ಷಿಸಿದೆ. ಕೇಳಿದೆ, ನೋಡಲಿಲ್ಲ. ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು.

ಬಸ್ಸಿಳಿದು ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆ. ಹನ್ನೊಂದಕ್ಕೆ ಹೊಳೆದಂಡೆಯ ದೊಡ್ಡ ಪರದೆಯಲ್ಲಿ ವಿಡಿಯೊ ಶುರುವಾಯಿತು. ಪಕ್ಕದ ಪೆಂಡಾಲಿನ ಮೈಕಿನಲ್ಲಿ ಭಜನೆ. ಮೇಷ್ಟ್ರ ಧ್ವನಿ ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಸೊಸೆಗೆ ಹೇಳಿದಳು:

"ನಾಕನೇದಕ್ಕ ಹೋಗಾಣ ಬಾರೆ. ಅಲ್ಲಿ ಪಾದಾನೂ ಮುಳುಗಂಗಿಲ್ಲ ನೋಡು."

"ಪಾದ ಮುಳುಗದಿದ್ರ ಹೆಂಗ ಮೀತೀರಿ ಅತ್ತೀ, ಕೊಡ ತುಂಬಿ ಹೊಯ್ಲೇನು?" ಎಂದಳು ಸೊಸೆ.

ನಾನೂ ನಕ್ಕೆ. ನಕ್ಕು, ಎರಡು ಹೆಜ್ಜೆ ಹಾಕಿದ ಮೇಲೆ ಆ ಮಾತಿನ ಅರ್ಥ ತಲೆಗೆ ಹೋಯಿತು. ತಿರುಗಿ ಪರದೆ ನೋಡಿದೆ. ನಾಲ್ಕನೇ ಮನುಷ್ಯ ಒಣ ಪಾದದಲ್ಲಿ ನಿಂತಿದ್ದ. ಅವನ ಪಕ್ಕ ಕಂಬವೇ ಇರಲಿಲ್ಲ.

ಓಡಿದೆ. ಅವರಿಬ್ಬರೂ ಆಗಲೇ ನಾಲ್ಕನೇ ಘಟ್ಟದಲ್ಲಿ ಇಳಿಯುತ್ತಿದ್ದರು. ನಾನು ಮೆಟ್ಟಿಲ ತಲೆ ಮುಟ್ಟುವಾಗ ಅತ್ತೆ ಮೂಗು ಹಿಡಿದು ಕೊನೆಯ ಮೆಟ್ಟಿಲಿಂದ ಕಾಲು ಮುಂದಿಟ್ಟಳು. ಸದ್ದೇ ಆಗಲಿಲ್ಲ. ಹಸಿರು ಸೀರೆಯ ಸೆರಗು ಮಾತ್ರ ನೀರ ಮೇಲೆ ಅಗಲವಾಗಿ ಹರಡಿಕೊಂಡಿತು. ಅಂಬಿಗರು ತೆಪ್ಪದಿಂದಲೇ ಗಳ ಚಾಚಿದರು. ಒಂದು ಕೈ ಮೇಲೆ ಬಂದು, ತಪ್ಪಿ, ಮತ್ತೆ ಬಂದು ಅದನ್ನು ಹಿಡಿಯಿತು.

ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಾ ಆಕೆ ಹೇಳಿದ್ದು ಇಷ್ಟೇ: "ಟಿವಿಯಾಗ ನೀರೇ ಇರ್ಲಿಲ್ಲಲ್ಲೋ ಯಪ್ಪಾ."

ಅಂಬಿಗರು ನನ್ನ ಕಡೆ ನೋಡಿದರು. "ನಿಮ್ಮ ಗೊಂಬಿಗೆ ಈಜು ಬರ್ತೈತೇನ್ರಿ?"

ಪೆನ್‌ಡ್ರೈವ್ ಕಿತ್ತು ಹಾಳೆ ತೆರೆದೆ. ಮೇಷ್ಟ್ರು ಪಕ್ಕದಲ್ಲಿ ಕೂತರು.

"ಒಂಬತ್ತು ಅಂತ ಸರಿಯಾಗೇ ಐತಲ್ಲ ತಂಗೀ."

ಇತ್ತು. ಆದರೆ ಅವರು ಕನ್ನಡದ ಕೀಲಿಮಣೆಯಲ್ಲಿ ೯ ಎಂದು ಒತ್ತಿದ್ದರು. ಉಳಿದ ಮೂರು ನಾನು ಒತ್ತಿದ ಇಂಗ್ಲಿಷ್ ಅಂಕಿಗಳು. ೯ ಆ ಹಾಳೆಗೆ ಸಂಖ್ಯೆಯಲ್ಲ, ಬರೀ ಒಂದು ಅಕ್ಷರ. ಅಕ್ಷರಕ್ಕೆ ಎತ್ತರವಿಲ್ಲ, ಕಂಬ ಸೊನ್ನೆಯಾಗಿತ್ತು. ಹಾಳೆ ಅದನ್ನು ತನ್ನ ರೀತಿಯಲ್ಲಿ ಹೇಳುತ್ತಲೂ ಇರುತ್ತದೆ: ಸಂಖ್ಯೆಗಳು ಚೌಕದ ಬಲಕ್ಕೆ ಒರಗುತ್ತವೆ, ಅಕ್ಷರಗಳು ಎಡಕ್ಕೆ. ಆದರೆ ಅಂದವಾಗಿ ಕಾಣಲೆಂದು ಆ ಸಾಲನ್ನೆಲ್ಲ ನಡುವಿಗೆ ತಂದಿಟ್ಟವಳು ನಾನೇ.

"ನಲವತ್ತು ವರ್ಷ ಮಕ್ಕಳ ಕೈಲಿ ೯ ಹಿಂಗೇ ಬರಸ್ದೆ," ಎಂದರು ಮೇಷ್ಟ್ರು.

ಅಂಕಿ ತಿದ್ದಿದ ಮೇಲೆ ಕಂಬ ಮನುಷ್ಯನ ತಲೆ ದಾಟಿ ಹೋಯಿತು. ಅಷ್ಟರಲ್ಲಿ ಅಂಬಿಗರು ನಾಲ್ಕನೇ ಘಟ್ಟಕ್ಕೆ ಅಡ್ಡ ಹಗ್ಗ ಕಟ್ಟಿದ್ದರು.

ಆ ರಾತ್ರಿಯಿಂದ ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ "ನಾಲ್ಕನೇ ಘಟ್ಟ" ಎನ್ನುವ ಧ್ವನಿ. ಕಂಬ ಏಳಲೆಂದು ಕಾಯುತ್ತೇನೆ, ಏಳುವುದಿಲ್ಲ, ಸೆರಗು ಹರಡುತ್ತದೆ. ನಾನು ನಕ್ಕದ್ದು ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕುತ್ತೇನೆ. ಎದ್ದು ಲ್ಯಾಪ್‌ಟಾಪ್ ತೆರೆದು ಚೌಕಗಳು ಯಾವ ಕಡೆ ಒರಗಿವೆ ಎಂದು ನೋಡುತ್ತೇನೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹರಿಹರಕ್ಕೆ ಹೋದೆ. ಈ ಸಲ ಧ್ವನಿ ಪೂರ್ತಿ ತೆಗೆದು, ಪರದೆಯ ಮುಂದೆ ನಿಂತು ಮೂರು ಸಲ ನೋಡಿದೆ. ನಾಲ್ಕೂ ಕಂಬ ಎದ್ದವು. ಆ ಅತ್ತೆ ಸೊಸೆಯೂ ಬಂದಿದ್ದರು. ಅತ್ತೆ ಪರದೆಯತ್ತ ನೋಡಲೂ ಇಲ್ಲ. ನೇರ ಅಂಬಿಗರ ಹತ್ತಿರ ಹೋಗಿ, "ಗಳ ಇಳಸಪ್ಪಾ, ನನ್ನ ಕಣ್ಣೆದ್ರಿಗೇ ಇಳಸು," ಎಂದಳು. ಅವರು ಮೊದಲನೇ ಘಟ್ಟದಲ್ಲಿ ಇಳಿಸಿದರು. ಗಳದ ಮೇಲಿನ ಒದ್ದೆ ಗುರುತು ಆಕೆಯ ಮೊಣಕಾಲಿಗೆ ಬಂತು. ಆಕೆ ಮೆಟ್ಟಿಲ ಮೇಲೆ ಕೂತು, ಚೊಂಬಿನಿಂದ ತಲೆಗೆ ನೀರು ಹೊಯ್ದುಕೊಂಡು, ಸೀರೆ ಹಿಂಡಿಕೊಂಡು ಎದ್ದು ಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಹಾಲಿನವನು ಮೂರು ಸಲ ಬೆಲ್ ಒತ್ತಿದನಂತೆ. ನಿದ್ದೆಯಲ್ಲಿ ನನಗೆ ಕೇಳಿಸಲಿಲ್ಲ.