ಶನಿವಾರ ಬೆಳಿಗ್ಗೆ ಒಂಬತ್ತರ ವಿಡಿಯೊ

ಅರಸೀಕೆರೆಯ ಮನೆಯಿಂದ ನಾನೂ ನಮ್ಮತ್ತಿಗೆಯೂ ಅಡುಗೆಯ ವಿಡಿಯೊ ಹಾಕುತ್ತೇವೆ. ಮಾಡುವುದು ಅವರು, ಹಾಕುವುದು ನಾನು. ನೋಡುವವರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾದ ಕನ್ನಡದ ಮನೆಯವರು. ಚಳಿಗಾಲದಲ್ಲಿ ನಮಗೆ ಶನಿವಾರ ಬೆಳಿಗ್ಗೆ ಒಂಬತ್ತಾದರೆ ಅವರಿಗೆ ಶುಕ್ರವಾರ ಸಂಜೆ ಏಳೂವರೆ. ಊಟಕ್ಕೆ ಕೂತು ನೋಡುತ್ತಾರೆ, ಬೆಳಗಾದರೆ ಅಂಗಡಿಗೆ ಹೋಗಿ ಸಾಮಾನು ತರುತ್ತಾರೆ. ಅದಕ್ಕೇ ಸಂಕ್ರಾಂತಿಯ ಎಳ್ಳುಬೆಲ್ಲದ ವಿಡಿಯೊ ಒಂಬತ್ತಕ್ಕೆ ತಾನಾಗಿಯೇ ಹೋಗುವಂತೆ ಹಿಂದಿನ ದಿನವೇ ಇಟ್ಟಿದ್ದೆ.

ಒಂಬತ್ತೂವರೆಯಾದರೂ ಅದು ಹೋಗಿರಲಿಲ್ಲ. ಅತ್ತಿಗೆ ನನಗೊಂದು ಮಾತೂ ಹೇಳದೆ ಮಧ್ಯಾಹ್ನ ಹನ್ನೆರಡಕ್ಕೆ ತಳ್ಳಿದ್ದರು.

"ಒಂಬತ್ತರಿಂದ ರಾಹುಕಾಲ ಐತೆ ಕಣೇ. ಹಬ್ಬದ್ದು ಯಾರಾದ್ರೂ ಹಾಕ್ತಾರಾ?"

"ಅಲ್ಲಿನ್ನೂ ಶುಕ್ರವಾರ ಅತ್ತಿಗೆ! ಅವ್ರಿಗೆಲ್ಲಿ ಬಂತು ನಿಮ್ಮ ಶನಿವಾರದ ರಾಹುಕಾಲ?"

"ಹಾಕೋದು ಅರಸೀಕೆರೆಯಿಂದ ತಾನೇ?"

ನನಗೆ ಮೈಯೆಲ್ಲಾ ಉರಿಯಿತು. ಆಗಲೇ ಹಾಕಿಬಿಡೋಣವೆಂದರೆ ಅತ್ತಿಗೆ ವಿಡಿಯೊ ಇದ್ದ ಫೋನನ್ನೇ ಸೆರಗಿನಲ್ಲಿ ಸುತ್ತಿಕೊಂಡು ಪೂಜೆಗೆ ಕೂತರು. ಹನ್ನೆರಡಕ್ಕೆ ವಿಡಿಯೊ ಹೋಗುವ ಹೊತ್ತಿಗೆ ಅಲ್ಲಿನವರು ಮಲಗುವ ಹೊತ್ತು.

ಮರುದಿನ ಒಬ್ಬ ಹೆಣ್ಣುಮಗಳು ಬರೆದಿದ್ದರು: "ಅಕ್ಕಾ, ಅಂಗಡಿಗೆ ಹೋಗಿಬಂದ ಮೇಲೆ ನೋಡಿದೆ. ಒಣಕೊಬ್ಬರಿ ತಂದೇ ಇಲ್ಲ. ಅಂಗಡಿ ದೂರ, ಈ ಸಲ ಬಿಟ್ಟೆ."

ಅತ್ತಿಗೆಗೆ ಓದಿ ಹೇಳಿದೆ. "ಮುಂದಿನ ವರ್ಷ ಮಾಡ್ತಾಳೆ ಬಿಡು" ಅಂದರು. ಅದೇ ಕ್ಷಣ ಅವರು ಮತ್ತೆ ಮುಟ್ಟದಂತೆ ಚಾನೆಲ್ಲಿನ ಪಾಸ್‌ವರ್ಡ್ ಬದಲಾಯಿಸಿದೆ. ಅವರು ಇನ್ನು ನಾನು ಮಾಡಲ್ಲ ಅಂತ ಸೌಟು ಕೆಳಗಿಟ್ಟರು. ಈಗ ವಿಡಿಯೊದಲ್ಲಿ ಕಾಣುವುದು ನನ್ನ ಕೈ. ಒಗ್ಗರಣೆ ಕೆಲವು ಸಲ ಸೀಯುತ್ತದೆ. ಸೀಯಲಿ. ಒಂಬತ್ತಕ್ಕೆ ಸರಿಯಾಗಿ ಹೋಗುತ್ತದೆ.